ದುಡ್ಡು ಬಂತು ಅಂತ ಎರಡು ಸಲ ಹೇಳಿದರೆ

ಆರ್ಡರ್ ನಂಬರ್ 4821 ಅಂತಿಟ್ಟುಕೊಳ್ಳಿ. ಗಿರಾಕಿ ಒಂದು ಪುಸ್ತಕಕ್ಕೆ ಆನ್‌ಲೈನಿನಲ್ಲಿ ದುಡ್ಡು ಕಟ್ಟಿದ. ‘ದುಡ್ಡು ಬಂತು’ ಅನ್ನುವ ಸುದ್ದಿಯನ್ನು ಪೇಮೆಂಟ್ ಗೇಟ್‌ವೇ ಮಾರುವವರ ಸರ್ವರ್‌ಗೆ ಮುಟ್ಟಿಸಿತು. ನಾವು ಕೇಳದೆ ತಾನಾಗಿ ಬರುವ ಈ ಸಂದೇಶವೇ ವೆಬ್‌ಹುಕ್. ಸರ್ವರ್ ಆರ್ಡರಿನ ಸ್ಥಿತಿ ಬದಲಿಸಿತು, ಸ್ಟಾಕಿನಲ್ಲಿ ಒಂದು ಪ್ರತಿ ಕಳೆಯಿತು, ಆಮೇಲೆ ರಸೀದಿಯ ಇಮೇಲ್ ಕಳಿಸಲು ಹೋಯಿತು. ಇಮೇಲ್ ಸರ್ವರ್ ಆ ಹೊತ್ತಿಗೆ ತೆವಳುತ್ತಿತ್ತು, 12 ಸೆಕೆಂಡ್ ಹಿಡಿಯಿತು. ಗೇಟ್‌ವೇ 10 ಸೆಕೆಂಡ್ ಕಾದು ಕೈಬಿಟ್ಟಿತು. ಸ್ವಲ್ಪ ಹೊತ್ತಿಗೆ ಅದೇ ಸುದ್ದಿ ಮತ್ತೆ ಬಂತು. ಸ್ಟಾಕಿನಿಂದ ಇನ್ನೊಂದು ಪ್ರತಿ ಹೋಯಿತು, ಗಿರಾಕಿಗೆ ಎರಡು ರಸೀದಿ ಸಿಕ್ಕಿತು.

ಇದರಲ್ಲಿ ಗೇಟ್‌ವೇ ತಪ್ಪೇನಿಲ್ಲ. ಉತ್ತರ ಬರಲಿಲ್ಲ ಅಂದರೆ ಸುದ್ದಿಯೇ ಮುಟ್ಟಿಲ್ಲದಿರಬಹುದು, ಇಲ್ಲವೇ ಸುದ್ದಿ ಮುಟ್ಟಿ ಉತ್ತರ ದಾರಿಯಲ್ಲಿ ಕಳೆದಿರಬಹುದು. ಯಾವುದೆಂದು ಅದಕ್ಕೆ ಗೊತ್ತಾಗುವ ಉಪಾಯವೇ ಇಲ್ಲ. ಹಾಗಾಗಿ ಮತ್ತೆ ಹೇಳುತ್ತದೆ. ಸ್ಟ್ರೈಪ್ ಎಂಬ ಗೇಟ್‌ವೇ ಆದರೆ ನಡುವಿನ ಅಂತರ ಹೆಚ್ಚಿಸುತ್ತಾ 3 ದಿನದವರೆಗೂ ಹೇಳುತ್ತಿರುತ್ತದೆ. ಒಂದೇ ಸಲ ಮುಟ್ಟಿಸುತ್ತೇನೆಂದು ಯಾವ ಗೇಟ್‌ವೇಯೂ ಮಾತು ಕೊಡಲಾರದು. ಎಷ್ಟು ಸಲ ಕೇಳಿಸಿಕೊಂಡರೂ ಕೆಲಸ ಒಂದೇ ಸಲ ಆಗುವಂತೆ ನೋಡಿಕೊಳ್ಳುವುದು ಕೇಳಿಸಿಕೊಳ್ಳುವವರ ಪಾಲು.

ಸುದೈವಕ್ಕೆ ಪ್ರತಿ ಸುದ್ದಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಮರುಕಳಿಸಿದಾಗಲೂ ಅದು ಬದಲಾಗುವುದಿಲ್ಲ. ಹಾಗಾದರೆ ಸುಲಭ ಅನ್ನಿಸುತ್ತದೆ: ಈ ಸಂಖ್ಯೆ ಮೊದಲೇ ಬಂದಿದೆಯೇ ಎಂದು ಟೇಬಲ್ ನೋಡು, ಇಲ್ಲದಿದ್ದರೆ ಕೆಲಸ ಮಾಡು, ಆಮೇಲೆ ಬರೆದಿಡು. ನಾನೂ ಮೊದಲು ಬರೆದದ್ದು ಇದನ್ನೇ. ಆದರೆ ಒಂದೇ ಸುದ್ದಿಯ ಎರಡು ಪ್ರತಿಗಳು 40 ಮಿಲಿಸೆಕೆಂಡ್ ಅಂತರದಲ್ಲಿ ಬಂದರೆ ಎರಡೂ ನೋಡಿದಾಗ ಟೇಬಲ್ ಖಾಲಿ, ಎರಡೂ ಕೆಲಸ ಮಾಡಿಬಿಡುತ್ತವೆ. ಸರಿ, ಮೊದಲು ಬರೆದಿಟ್ಟು ಆಮೇಲೆ ಕೆಲಸ ಮಾಡೋಣ ಅಂದರೆ ಇನ್ನೂ ಕೆಟ್ಟದ್ದು. ನಡುವೆ ಸರ್ವರ್ ಬಿದ್ದರೆ ಆರ್ಡರ್ ಬಾಕಿಯಲ್ಲೇ ಉಳಿಯುತ್ತದೆ, ಮರುಕಳಿಸಿದ ಸುದ್ದಿಯನ್ನು ‘ಆಗಲೇ ನೋಡಿದ್ದೇನೆ’ ಎಂದು ನಾವೇ ತಳ್ಳಿಹಾಕುತ್ತೇವೆ. ದುಡ್ಡು ಕೊಟ್ಟವನು ಬೈಯುವವರೆಗೂ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ನೆನಪಿಡುವುದನ್ನೂ ಕೆಲಸವನ್ನೂ ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್ನಿನಲ್ಲಿ ಕಟ್ಟಿಬಿಟ್ಟರೆ, ಆಗುವುದಾದರೆ ಎರಡೂ ಆಗುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ. ಸುದ್ದಿ ಗೇಟ್‌ವೇಯದ್ದೇ ಎಂದು ತೋರಿಸುವ ಸಹಿಯನ್ನು ಪರೀಕ್ಷಿಸಿಯಾದ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಹೀಗೆ:

```sql
BEGIN;
INSERT INTO webhook_events (event_id)
VALUES ('evt_7Q2')
ON CONFLICT (event_id) DO NOTHING;
-- 0 ಸಾಲು ಸೇರಿದರೆ ಇಲ್ಲಿಗೇ ನಿಲ್ಲಿಸಿ
UPDATE orders SET status = 'paid'
WHERE id = 4821 AND status = 'pending';
-- 1 ಸಾಲು ಬದಲಾದರೆ ಮಾತ್ರ ಸ್ಟಾಕ್ ಕಳೆಯಿರಿ
COMMIT;
```

`event_id` ಪ್ರೈಮರಿ ಕೀ ಆಗಿರಬೇಕು, ಕಾವಲು ಕಾಯುವುದು ಅದೇ. ಈಗ 40 ಮಿಲಿಸೆಕೆಂಡ್ ತಡವಾಗಿ ಬಂದ ಎರಡನೆಯ ಪ್ರತಿಯನ್ನು ನೋಡಿ. ಅದರ `INSERT` ಮೊದಲನೆಯದು ಮುಗಿಯುವವರೆಗೆ ಅಲ್ಲೇ ಕಾಯುತ್ತದೆ. ಮೊದಲನೆಯದು ಕಮಿಟ್ ಆದರೆ ಎರಡನೆಯದಕ್ಕೆ ಸೇರುವುದು 0 ಸಾಲು. ಮೊದಲನೆಯದು ಕೆಟ್ಟು ರೋಲ್‌ಬ್ಯಾಕ್ ಆದರೆ ಅದರ ಗುರುತೂ ಅಳಿಸಿಹೋಗುತ್ತದೆ, ಎರಡನೆಯದು ಆ ಕೆಲಸ ಕೈಗೆತ್ತಿಕೊಳ್ಳುತ್ತದೆ. ಕೆಲಸ ಎರಡು ಸಲ ಆಗುವುದಿಲ್ಲ, ಆಗದೆ ಉಳಿಯುವುದೂ ಇಲ್ಲ.

ನಕಲು ಎಂದು ಗೊತ್ತಾದರೂ 200, ಅಂದರೆ ‘ಸರಿ’ ಎಂದೇ ಉತ್ತರಿಸಬೇಕು. ಕೆಲವರು ಇಲ್ಲಿ ದೋಷದ ಸಂಖ್ಯೆ ಕಳಿಸಿ ಗೇಟ್‌ವೇಯನ್ನು ದಿನಗಟ್ಟಲೆ ಕೂಗಿಸುತ್ತಾರೆ. ನಿಜಕ್ಕೂ ಕೆಲಸ ಕೆಟ್ಟಾಗ ಮಾತ್ರ 500, ಆಗ ಮರುಕಳಿಸುವಿಕೆ ನಮಗೇ ಲಾಭ.

`status = 'pending'` ಅನ್ನುವ ಷರತ್ತು ಬೇರೆಯೇ ತೊಂದರೆಗೆ. ಸುದ್ದಿಗಳು ಕಳಿಸಿದ ಕ್ರಮದಲ್ಲೇ ಬರುತ್ತವೆಂಬ ಭರವಸೆ ಇಲ್ಲ. ದುಡ್ಡು ವಾಪಸಾದ ಸುದ್ದಿ ಮೊದಲು ಬಂದು, ದುಡ್ಡು ಬಂದ ಸುದ್ದಿ ಆಮೇಲೆ ಬರಬಹುದು. ಎರಡರ ಸಂಖ್ಯೆಯೂ ಬೇರೆ ಬೇರೆ, ಹಾಗಾಗಿ ನಕಲಿನ ಕಾವಲು ಇಲ್ಲಿ ಕೆಲಸಕ್ಕೆ ಬಾರದು. ಆರ್ಡರ್ ಆಗಲೇ ‘ವಾಪಸಾಗಿದೆ’ ಎಂಬ ಸ್ಥಿತಿಗೆ ಹೋಗಿದ್ದರೆ ತಡವಾಗಿ ಬಂದ ಸುದ್ದಿ ಅದನ್ನು ಹಿಂದಕ್ಕೆ ಎಳೆಯದಂತೆ ಈ ಷರತ್ತು ತಡೆಯುತ್ತದೆ.

ಇನ್ನು ಆ ಇಮೇಲ್. ಕಳಿಸಿದ ಇಮೇಲನ್ನು ರೋಲ್‌ಬ್ಯಾಕ್ ಮಾಡಲು ಬರುವುದಿಲ್ಲ. ಅದಕ್ಕೇ ‘4821ಕ್ಕೆ ರಸೀದಿ ಕಳಿಸಬೇಕು’ ಎಂದು ಅದೇ ಟ್ರಾನ್ಸಾಕ್ಷನ್ನಿನಲ್ಲಿ ಒಂದು ಸಾಲು ಬರೆದಿಟ್ಟು ಗೇಟ್‌ವೇಗೆ ತಕ್ಷಣ ಉತ್ತರಿಸುವುದು. ಕಳಿಸುವ ಕೆಲಸ ಹಿಂದೆ ಓಡುವ ಇನ್ನೊಂದು ಪ್ರೋಗ್ರಾಮಿಗೆ. ಅದು ಇಮೇಲ್ ಕಳಿಸಿ, ‘ಕಳಿಸಿದೆ’ ಎಂದು ಬರೆಯುವ ಮೊದಲೇ ಸತ್ತರೆ ಎರಡನೆಯ ರಸೀದಿ ಹೋಗಿಯೇ ಹೋಗುತ್ತದೆ. ಎರಡು ರಸೀದಿಯನ್ನು ಸಹಿಸಿಕೊಳ್ಳಬಹುದು, ಸ್ಟಾಕ್ ತಪ್ಪುವುದನ್ನಲ್ಲ.

ಸರಿಯಿದೆಯೇ ಎಂದು ನೋಡಲು ನಾನು ಪರೀಕ್ಷೆಯ ಸರ್ವರ್‌ಗೆ ಒಂದೇ ಸುದ್ದಿಯ 20 ಪ್ರತಿಗಳನ್ನು ಒಟ್ಟಿಗೆ ಎಸೆಯುತ್ತೇನೆ. ಒಂದೊಂದಾಗಿ ಕಳಿಸಿದರೆ ಮೊದಲು ಹೇಳಿದ ಕೆಟ್ಟ ಕೋಡೂ ಪಾಸಾಗಿಬಿಡುತ್ತದೆ. ಆಮೇಲೆ `UPDATE` ಆದ ಮೇಲೆ, `COMMIT`ಗೆ ಮುಂಚೆ ಪ್ರೋಗ್ರಾಮನ್ನು `kill -9` ಕೊಟ್ಟು ಕೊಂದು, ಮತ್ತೆ ಅದೇ ಸುದ್ದಿ ಕಳಿಸುತ್ತೇನೆ. ಸ್ಟಾಕು ಸರಿಯಾಗಿ ಒಂದು ಕಡಿಮೆಯಾಗಿರಬೇಕು.