ಓದುಗರ ಪ್ರಶ್ನೆ: ರೈನ್‌ಕೋಟ್ ‘ಚಿಕ್ಕದಾಯ್ತು’ ಅಂತ ಯಾಕೆ ವಾಪಸ್ ಬರುತ್ತಿದೆ?

ಪ್ರಶ್ನೆ: ಸಕಲೇಶಪುರದಲ್ಲಿ ನಮ್ಮದೊಂದು ಸಣ್ಣ ರೆಡಿಮೇಡ್ ಬಟ್ಟೆ ಅಂಗಡಿ. ಆನ್‌ಲೈನ್‌ನಲ್ಲಿ ಟೀ ಶರ್ಟ್ ಮಾರುತ್ತಿದ್ದೆವು, ಈ ಮಳೆಗಾಲಕ್ಕೆ ರೈನ್‌ಕೋಟ್ ಸೆಟ್ಟೂ ಹಾಕಿದ್ದೇವೆ. ಮಾಲು ಚೆನ್ನಾಗಿದೆ, ಅಂಗಡಿಗೆ ಬಂದು ತಗೊಂಡವರು ಯಾರೂ ದೂರಿಲ್ಲ. ಆನ್‌ಲೈನ್‌ನಲ್ಲಿ ಮಾತ್ರ ‘ಸೈಜ್ ಚಿಕ್ಕದು’, ‘ಬರೆದ ಹಾಗಿಲ್ಲ’ ಅಂತ ವಾಪಸ್ ಬರುತ್ತಿದೆ. ಲಿಸ್ಟಿಂಗ್ ಮತ್ತೆ ಮತ್ತೆ ಓದಿದರೂ ತಪ್ಪು ಕಾಣುತ್ತಿಲ್ಲ. ಹೇಗೆ ನೋಡಬೇಕು?

ಉತ್ತರ: ಬರೀ ಓದಿದರೆ ಕಾಗುಣಿತದ ತಪ್ಪು ಸಿಗುತ್ತದೆ, ಅಳತೆಯ ತಪ್ಪು ಸಿಗುವುದಿಲ್ಲ. ‘ಎದೆ 44 ಇಂಚು’ ಅನ್ನುವ ಸಾಲಿನಲ್ಲಿ ಓದುವುದಕ್ಕೆ ಏನು ದೋಷವಿದೆ? ಲಿಸ್ಟಿಂಗ್ ತಿದ್ದುವಾಗ ಒಬ್ಬರು ಮೊಬೈಲ್ ಹಿಡಿದು ಒಂದೊಂದೇ ಸಾಲು ಜೋರಾಗಿ ಓದಬೇಕು, ಇನ್ನೊಬ್ಬರು ಮಾಲನ್ನು ಮೇಜಿನ ಮೇಲೆ ಹರಡಿಕೊಂಡು ಟೇಪು ಹಿಡಿದು ‘ಹೌದು’, ‘ಅಲ್ಲ’ ಅನ್ನುತ್ತಾ ಹೋಗಬೇಕು. ಮಾರುವವರ ಲಾಗಿನ್ ಬೇಡ, ಗಿರಾಕಿಗೆ ಕಾಣುವ ಪುಟವನ್ನೇ ತೆಗೆಯಿರಿ. ಎರಡೂ ಕಡೆ ಕಾಣುವುದು ಒಂದೇ ಆಗಿರುವುದಿಲ್ಲ.

ನೀವು ಕಳಿಸಿದ ಪುಟವನ್ನು ನೋಡಿದೆ. ಅದರಲ್ಲಿ ಸೈಜ್ ಚಾರ್ಟ್ ಎರಡಿವೆ. ಒಂದು ಫೋಟೋಗಳ ಸಾಲಿನಲ್ಲಿ, ತಯಾರಕರು ಕೊಟ್ಟ ಚಿತ್ರ. ಅದರ ಪ್ರಕಾರ ಎಂ ಸೈಜಿಗೆ ಎದೆ 44 ಇಂಚು, ಎಲ್ 46, ಎಕ್ಸ್‌ಎಲ್ 48, ಡಬಲ್ ಎಕ್ಸ್‌ಎಲ್ 50. ಇನ್ನೊಂದು ಕೆಳಗೆ, ‘ಸೈಜ್ ಚಾರ್ಟ್’ ಒತ್ತಿದರೆ ತೆರೆಯುವುದು. ಅಲ್ಲಿ ಎಂ 38, ಎಲ್ 40, ಎಕ್ಸ್‌ಎಲ್ 42, ಡಬಲ್ ಎಕ್ಸ್‌ಎಲ್ 44. ಎರಡರ ತಲೆಯ ಮೇಲೂ ಬರೀ ‘ಎದೆ’ ಅಂತಿದೆ.

ತಮಾಷೆಯೆಂದರೆ ಎರಡೂ ಸುಳ್ಳಲ್ಲ. 44 ಅನ್ನುವುದು ಕೋಟಿನ ಸುತ್ತಳತೆ, 38 ಅನ್ನುವುದು ಅದನ್ನು ಹಾಕಿಕೊಳ್ಳುವ ಮೈಯ ಸುತ್ತಳತೆ. ರೈನ್‌ಕೋಟನ್ನು ಅಂಗಿ, ಸ್ವೆಟರಿನ ಮೇಲೆ ಹಾಕುವುದರಿಂದ ಆರು ಇಂಚಿನಷ್ಟು ಸಡಿಲ ಬಿಟ್ಟು ಹೊಲಿದಿದ್ದಾರೆ. ಆದರೆ 44 ಇಂಚು ಎದೆಯ ಗಿರಾಕಿ ಮೊದಲು ನೋಡುವುದು ಚಿತ್ರವನ್ನು. ‘ಎಂ ಸಾಕು’ ಅಂತ ತರಿಸುತ್ತಾರೆ. ಮೈಯೂ 44, ಕೋಟೂ 44. ಸ್ವೆಟರ್ ಮೇಲೆ ಜಿಪ್ ಏರುವುದಿಲ್ಲ. ಅವರಿಗೆ ಬೇಕಿದ್ದದ್ದು ಡಬಲ್ ಎಕ್ಸ್‌ಎಲ್. ಅಂಗಡಿಗೆ ಬಂದವರಿಗೆ ಈ ತೊಂದರೆ ಆಗದಿರುವುದು ಸಹಜ, ಅವರು ಹಾಕಿ ನೋಡಿಯೇ ಕೊಳ್ಳುತ್ತಾರೆ.

ಈಗ ಅಳೆಯಿರಿ. ಕೋಟಿನ ಜಿಪ್ ಹಾಕಿ, ಸುಕ್ಕಿಲ್ಲದಂತೆ ಮೇಜಿನ ಮೇಲೆ ಹರಡಿ, ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದಕ್ಕೆ ಟೇಪು ಹಿಡಿಯಿರಿ. ಎಂ ಸೈಜಿನಲ್ಲಿ 22 ಇಂಚು ಬಂದರೆ ಅದರ ಎರಡರಷ್ಟು 44, ತಯಾರಕರ ಚಿತ್ರ ಸರಿ. ಈ 22ನ್ನೇ ‘ಎದೆ ಸುತ್ತಳತೆ’ ಅಂತ ಹಾಕಿರುವ ಲಿಸ್ಟಿಂಗ್‌ಗಳೂ ಇವೆ, ಅದು ಎಳೆ ಮಕ್ಕಳ ಅಳತೆಯಾಯಿತು! ಪ್ರತಿ ಸೈಜಿನಲ್ಲೂ ಎರಡು ಮೂರು ಕೋಟು ಅಳೆಯಿರಿ. ಅರ್ಧ ಇಂಚಿನ ಹೆಚ್ಚುಕಡಿಮೆ ಹೊಲಿಗೆಯಲ್ಲಿ ಇದ್ದದ್ದೇ. ಎರಡು ಇಂಚು ತಪ್ಪಿದರೆ ದೋಷ ಲಿಸ್ಟಿಂಗಿನದ್ದಲ್ಲ, ಸೈಜ್ ಲೇಬಲ್ಲೇ ಅದಲುಬದಲಾಗಿರಬಹುದು.

ಅಳೆದ ಮೇಲೆ ಒಂದೇ ಚಾರ್ಟ್ ಇಡಿ, ಅದರಲ್ಲಿ ಎರಡು ಕಾಲಂ: ‘ನಿಮ್ಮ ಎದೆಯ ಅಳತೆ’ ಮತ್ತು ‘ಕೋಟಿನ ಎದೆಯ ಅಳತೆ’. ಸೆಂಟಿಮೀಟರಿನಲ್ಲೂ ಕೊಡುವುದಾದರೆ 2.54ರಿಂದ ಗುಣಿಸಿ, 44 ಇಂಚು ಅಂದರೆ ಸುಮಾರು 112 ಸೆಂ.ಮೀ. ಹಳೆಯ ಚಿತ್ರವನ್ನು ಪೂರ್ತಿ ತೆಗೆದುಹಾಕಿ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಡುವುದರಿಂದಲೇ ಅರ್ಧ ಗೊಂದಲ ಹುಟ್ಟುವುದು.

ಇನ್ನು ‘ಬರೆದ ಹಾಗಿಲ್ಲ’ ಅನ್ನುವ ದೂರು. ನಿಮ್ಮ ರೈನ್‌ಕೋಟ್ ‘ಹಾಫ್ ಸ್ಲೀವ್, ರೌಂಡ್ ನೆಕ್, 100% ಕಾಟನ್, ಮಷಿನ್ ವಾಶ್’ ಅಂತೆ! ಟೀ ಶರ್ಟಿನ ಲಿಸ್ಟಿಂಗನ್ನು ಕಾಪಿ ಮಾಡಿ, ಹೆಸರು, ಫೋಟೋ, ಬೆಲೆ ಬದಲಿಸಿದ್ದೀರಿ. ಕಡ್ಡಾಯವಲ್ಲದ ಖಾನೆಗಳು ಮಡಚಿಕೊಂಡು ಕೆಳಗೆ ಕೂತಿರುವುದರಿಂದ ಹಳೆಯದೇ ಉಳಿದಿದೆ. ಇದರಿಂದ ವಾಪಸಿಗಿಂತ ದೊಡ್ಡ ನಷ್ಟವೂ ಉಂಟು. ‘ಫುಲ್ ಸ್ಲೀವ್’ ಅಂತ ಫಿಲ್ಟರ್ ಹಾಕಿ ಹುಡುಕುವವರಿಗೆ ನಿಮ್ಮ ಕೋಟು ಕಾಣಿಸುವುದೇ ಇಲ್ಲ. ಮಡಚಿದ ಖಾನೆಗಳನ್ನೆಲ್ಲ ಬಿಚ್ಚಿ, ಕೆಳಗಿನಿಂದ ಮೇಲಕ್ಕೆ ಓದುತ್ತಾ ಬನ್ನಿ. ಮೇಲಿನ ಸಾಲುಗಳು ಕಣ್ಣಿಗೆ ರೂಢಿಯಾಗಿಬಿಟ್ಟಿರುತ್ತವೆ. ಖಾತ್ರಿಯಿಲ್ಲದ ಐಚ್ಛಿಕ ಖಾನೆಯನ್ನು ಖಾಲಿ ಬಿಡುವುದೇ ಮೇಲು.

ವಿವರಣೆಯಲ್ಲಿ ‘ಚಳಿಗೆ ಬೆಚ್ಚಗಿನ ಒಳಪದರ, ನಾಲ್ಕು ಜೇಬು’ ಅಂತಲೂ ಇದೆ. ಫೋಟೋದಲ್ಲಿ ಎರಡೇ ಜೇಬು, ಒಳಪದರವೇ ಇಲ್ಲ. ಇದು ಯಾರದೋ ಜಾಕೆಟಿನ ಬರಹ. ಅನುಮಾನ ಬಂದ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಸರ್ಚ್ ಮಾಡಿದರೆ ಮೂಲ ಬಹಳ ಸಲ ಸಿಕ್ಕಿಬಿಡುತ್ತದೆ. ಅಂಥ ಬರಹವನ್ನು ಅಲ್ಲಲ್ಲಿ ತಿದ್ದಲು ಹೋಗಬೇಡಿ, ಪೂರ್ತಿ ಅಳಿಸಿ ಕೋಟನ್ನು ಮುಂದಿಟ್ಟುಕೊಂಡು ನಾಲ್ಕು ಸಾಲು ನೀವೇ ಬರೆಯಿರಿ.

ತೂಕದ ಖಾನೆಯಲ್ಲಿ ‘150 ಗ್ರಾಂ’ ಇದೆ. ಪ್ಯಾಂಟೂ ಸೇರಿದ ದೊಡ್ಡವರ ರೈನ್‌ಕೋಟ್ ಸೆಟ್ ಇಷ್ಟು ಹಗುರವಿರುವುದು ಕಷ್ಟ. ಬಟ್ಟೆಯ ಜಿಎಸ್‌ಎಂ 150 ಅಂತ ತಯಾರಕರ ಬಿಲ್ಲಿನಲ್ಲಿರಬೇಕು, ನೋಡಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಇಡೀ ಸೆಟ್ಟಿನದ್ದಲ್ಲ. ನಾಲ್ಕು ಚದರ ಮೀಟರ್ ಬಟ್ಟೆ ಹಿಡಿದಿದ್ದರೆ ಬಟ್ಟೆಯೇ 600 ಗ್ರಾಂ ಆಯಿತು, ಜಿಪ್, ಬಟನ್ನು, ಚೀಲ ಬೇರೆ. ಸೆಟ್ಟನ್ನು ತಕ್ಕಡಿಗೆ ಹಾಕಿ ಬಂದದ್ದನ್ನೇ ಬರೆಯಿರಿ. ಕೊರಿಯರ್‌ನವರು ತೂಗಿ ಹೆಚ್ಚಿನ ದುಡ್ಡು ಹಿಡಿದುಕೊಳ್ಳುವುದು ಇಂಥ ಕಡೆಯೇ.

ಮಕ್ಕಳ ಸೆಟ್ಟಿನಲ್ಲಿ ಸೈಜ್ `08-Oct` ಅಂತಿರುವುದು ಎಕ್ಸೆಲ್‌ನ ಕೆಲಸ. ನೀವು 8-10 ವರ್ಷ ಅಂತ ಹೊಡೆದದ್ದನ್ನು ಅದು ಅಕ್ಟೋಬರ್ 8 ಅಂತ ತಿಳಿದಿದೆ. ಆಮೇಲೆ ಫಾರ್ಮ್ಯಾಟ್ ಬದಲಿಸಿದರೆ ಅಲ್ಲೊಂದು ಐದಂಕಿಯ ಸಂಖ್ಯೆ ಬರುತ್ತದೆ ಅಷ್ಟೆ. ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿ ಮತ್ತೆ ಹೊಡೆಯಬೇಕು.

ಕೊನೆಯದಾಗಿ ‘100% ವಾಟರ್‌ಪ್ರೂಫ್’. ಕೋಟನ್ನು ಒಳಮಗ್ಗುಲು ತಿರುಗಿಸಿ ಭುಜದ ಹೊಲಿಗೆ ನೋಡಿ. ಹೊಲಿಗೆಯ ಉದ್ದಕ್ಕೂ ಟೇಪು ಅಂಟಿಸಿದ್ದಾರೆಯೇ, ಅಥವಾ ಬಿಸಿಯಲ್ಲಿ ಬೆಸೆದಿದ್ದಾರೆಯೇ? ಎರಡೂ ಇಲ್ಲದಿದ್ದರೆ ಬಟ್ಟೆ ನೀರು ಬಿಡದಿದ್ದರೂ ಸೂಜಿಯ ತೂತು ಬಿಡುತ್ತದೆ. ನಿಮ್ಮೂರಿನ ಮಳೆಯಲ್ಲಿ ತೋಟದ ಕೆಲಸಕ್ಕೆ ನಿಂತವರಿಗೆ ಅರ್ಧ ಗಂಟೆಯಲ್ಲಿ ಹೆಗಲು ಒದ್ದೆ. ಹಾಗಿದ್ದರೆ ಆ ಮಾತು ತೆಗೆದು ‘ಬಟ್ಟೆಯಲ್ಲಿ ನೀರು ಇಳಿಯುವುದಿಲ್ಲ, ಹೊಲಿಗೆಗೆ ಟೇಪಿಲ್ಲ’ ಅಂತ ಬರೆಯಿರಿ. ಮಾರಾಟ ಸ್ವಲ್ಪ ಇಳಿಯಬಹುದು, ಆದರೂ ನನ್ನ ಸಲಹೆ ಅದೇ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ಮಾಲಿನಲ್ಲಿ ಇಲ್ಲದಿದ್ದರೆ ವಾಪಸ್ ತಗೊಳ್ಳುವುದಿಲ್ಲ ಅನ್ನುವ ಹಾಗಿಲ್ಲ.

ತಿದ್ದಿ ಸೇವ್ ಮಾಡಿದ ಮರುದಿನ ಗಿರಾಕಿಯ ಪುಟವನ್ನು ಇನ್ನೊಮ್ಮೆ ತೆರೆಯಿರಿ, ಪ್ರತಿ ಬಣ್ಣವನ್ನೂ ಒತ್ತಿ ನೋಡಿ. ನೀಲಿಗೆ ಮಾಡಿದ ತಿದ್ದುಪಡಿ ಕಪ್ಪಿಗೆ ತಾನಾಗಿ ಬರುತ್ತದೆ ಅಂತ ನಂಬುವ ಹಾಗಿಲ್ಲ. ಹಳೆಯ ಚಾರ್ಟ್ ನೋಡಿ ಎಂ ಸೈಜ್ ತರಿಸಿ, ಇನ್ನೂ ರವಾನೆಯಾಗದ ಆರ್ಡರ್‌ಗಳಿದ್ದರೆ ಆ್ಯಪಿನಲ್ಲಿ ಮೆಸೇಜ್ ಕಳಿಸುವ ಅವಕಾಶವಿದೆಯೇ ನೋಡಿ, ‘ನಿಮ್ಮ ಎದೆ 38 ಇಂಚು ತಾನೇ?’ ಅಂತ ಕೇಳಿಯೇ ಪ್ಯಾಕ್ ಮಾಡಿ.