ಗಾರ್ಡನ್ ಲೀವ್: ಕೆಲಸ ಮುಗಿಯುವ ತಾರೀಖು ಯಾವುದು?

ಉನ್ನತ ಹುದ್ದೆಯವರು ರಾಜೀನಾಮೆ ಕೊಟ್ಟ ಮೇಲೆ, ನೋಟಿಸ್ ಅವಧಿಯಲ್ಲಿ ಆಫೀಸಿಗೆ ಬರಬೇಡಿ, ಸಂಬಳ ಕೊಡುತ್ತೇವೆ, ಬೇರೆ ಕಡೆ ಸೇರಬೇಡಿ ಎಂದು ಕಂಪನಿ ಮನೆಯಲ್ಲಿ ಕೂರಿಸುವುದೇ ಗಾರ್ಡನ್ ಲೀವ್. ಆ ದಿನಗಳಲ್ಲಿ ಅವರು ಇನ್ನೂ ನೌಕರರೇ. ನಾನ್-ಕಂಪೀಟ್ ಬೇರೆ. ಅದು ಕೆಲಸ ಬಿಟ್ಟ ನಂತರವೂ ಪ್ರತಿಸ್ಪರ್ಧಿಗಳ ಬಳಿ ಹೋಗಬಾರದೆಂಬ ಕರಾರು.

1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಯಾರನ್ನೇ ಆಗಲಿ ನ್ಯಾಯವಾದ ಉದ್ಯೋಗ ಮಾಡದಂತೆ ತಡೆಯುವ ಕರಾರು ಅಷ್ಟರಮಟ್ಟಿಗೆ ಶೂನ್ಯ. ನೌಕರಿಯಲ್ಲಿ ಇರುವಾಗಿನ ನಿರ್ಬಂಧ ಸಿಂಧು ಎಂದು ಸುಪ್ರೀಂ ಕೋರ್ಟ್ 1967ರ ಗೋಲಿಕರಿ ಪ್ರಕರಣದಲ್ಲಿ ಹೇಳಿತು. ಆದ್ದರಿಂದ ಎಲ್ಲ ಮಾತುಕತೆಯೂ ಕೊನೆಗೆ ಬಂದು ನಿಲ್ಲುವುದು ರಿಲೀವಿಂಗ್ ತಾರೀಖಿನ ಮೇಲೆ.

ಹಾಸನದ ಒಂದು ಕಾಫಿ ಕ್ಯೂರಿಂಗ್ ಕಂಪನಿಯ ಉಪಾಧ್ಯಕ್ಷರು ಸೆಪ್ಟೆಂಬರ್ 1ರಂದು 90 ದಿನಗಳ ನೋಟಿಸ್ ಕೊಟ್ಟರು ಎಂದುಕೊಳ್ಳಿ. ಅದು ಮುಗಿಯುವುದು ನವೆಂಬರ್ 29ಕ್ಕೆ. ಅಷ್ಟರಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಅರೇಬಿಕಾ ಕೊಯ್ಲು ಶುರುವಾಗಿರುತ್ತದೆ. ಬೆಳೆಗಾರರ ಸಂಪರ್ಕ ಇವರ ಜೊತೆ ಪ್ರತಿಸ್ಪರ್ಧಿಯ ಪಾಲಾಗುತ್ತದೆಂಬುದು ಕಂಪನಿಯ ಆತಂಕ, ಅದು ಸಹಜವೂ ಹೌದು. ಆಗ ಹೀಗೊಂದು ಪತ್ರ ಬರಬಹುದು: “ಇಂದೇ ನಿಮ್ಮನ್ನು ಬಿಡುಗಡೆ ಮಾಡಿದ್ದೇವೆ. ಮೂರು ತಿಂಗಳ ಸಂಬಳ ಕೊಡುತ್ತೇವೆ. ಆ ಮೂರು ತಿಂಗಳು ಬೇರೆಡೆ ಸೇರಬಾರದು.” ಇದು ನೋಡಲು ಗಾರ್ಡನ್ ಲೀವ್‌ನಂತಿದ್ದರೂ ನೌಕರಿ ಆ ದಿನವೇ ಮುಗಿದಿದೆ. ಉಳಿದದ್ದು ನೌಕರಿಯ ನಂತರದ ನಿರ್ಬಂಧ. ಇಂಥದ್ದೇ ಮೂರು ತಿಂಗಳ ಷರತ್ತನ್ನು ವಿಎಫ್‌ಎಸ್ ಗ್ಲೋಬಲ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ.

ಹೀಗೆ ಬಿಡುಗಡೆ ಮಾಡಿದರೆ ಕಂಪನಿಗೆ ಹಿಡಿತ ತಪ್ಪುತ್ತದೆ, ಅಧಿಕಾರಿಗೆ ಹಣ ತಪ್ಪುತ್ತದೆ. ಅವರು ಏಪ್ರಿಲ್ 10ರಂದು ಸೇರಿ ಎಂಟು ವರ್ಷ ತುಂಬಿಸಿದ್ದರೆ, ಸೆಪ್ಟೆಂಬರ್ 1ಕ್ಕೆ ಸೇವೆ ಎಂಟು ವರ್ಷ, ಐದು ತಿಂಗಳೂ ಆಗಿರುವುದಿಲ್ಲ. ನವೆಂಬರ್ 29ಕ್ಕೆ ಎಂಟು ವರ್ಷ ಏಳು ತಿಂಗಳು ದಾಟುತ್ತದೆ. ಆರು ತಿಂಗಳಿಗಿಂತ ಹೆಚ್ಚಿನ ಭಾಗ ಗ್ರಾಚ್ಯುಟಿಗೆ ಪೂರ್ಣ ವರ್ಷವಾದ್ದರಿಂದ ಲೆಕ್ಕ ಒಂಬತ್ತು ವರ್ಷಕ್ಕೆ ಏರುತ್ತದೆ, ಅಂದರೆ ಇನ್ನೂ 15 ದಿನದ ವೇತನ.

ಉತ್ತರದ ಇಮೇಲ್‌ನಲ್ಲಿ ಜಗಳ ಬೇಡ, ತಾರೀಖು ಬೇಕು: “ನವೆಂಬರ್ 29ರವರೆಗೆ ನನ್ನ ನೌಕರಿ ಮುಂದುವರಿಯುತ್ತದೆ, ಅಲ್ಲಿಯವರೆಗೆ ಪೂರ್ಣ ಸಂಬಳ, ಪಿಎಫ್, ಆರೋಗ್ಯ ವಿಮೆ ಇರುತ್ತವೆ, ಆ ದಿನವೇ ರಿಲೀವಿಂಗ್ ಎಂದು ದಯವಿಟ್ಟು ದೃಢಪಡಿಸಿ.” ವರ್ಷದ ಬೋನಸ್ ಮತ್ತು ಕಂಪನಿ ಕಾರಿನ ವಿಷಯವನ್ನೂ ಅದರಲ್ಲೇ ಕೇಳಬೇಕು. ಫೋನಿನಲ್ಲಿ ಎಚ್‌ಆರ್ ಒಪ್ಪಿದ್ದನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸದಿದ್ದರೆ ಅಂತಿಮ ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ಒಂದು ವರ್ಷದ ನಾನ್-ಕಂಪೀಟ್ ಶೂನ್ಯವೇ ಎಂದು ಧೈರ್ಯವಾಗಿ ಸಹಿ ಹಾಕುವವರಿದ್ದಾರೆ. ಅದು ಸರಿಯಲ್ಲ. ಕಂಪನಿ ತಡೆಯಾಜ್ಞೆ ಕೇಳಿ ಕೋರ್ಟಿಗೆ ಹೋದರೆ ಸಾಕು, ಹೊಸ ಕಂಪನಿ ಹಿಂಜರಿಯುತ್ತದೆ. ಅದರ ಬದಲು ಬೆಳೆಗಾರರ ದರಪಟ್ಟಿ, ವಿದೇಶಿ ಖರೀದಿದಾರರ ವಿವರ ಬಳಸುವುದಿಲ್ಲವೆಂಬ ಗೋಪ್ಯತಾ ಕರಾರು ಕೊಡುತ್ತೇನೆ ಎನ್ನಬಹುದು. ಕಂಪನಿಗೆ ನಿಜವಾಗಿ ಬೇಕಿರುವುದೂ ಅದೇ; ನಿಜವಾದ ವ್ಯಾಪಾರ ರಹಸ್ಯವನ್ನು ಕಾಯುವ ಅಂಥ ಕರಾರನ್ನು ಕೋರ್ಟುಗಳು ಎತ್ತಿಹಿಡಿಯುತ್ತವೆ.