ಸರಿಯಾಗಿದೆ, ಆದರೆ ಯಾರೂ ಹಾಗೆ ಹೇಳುವುದಿಲ್ಲ

‘ಯಾವುದೇ ಸಮಯದಲ್ಲಿ ನಮಗೆ ಕರೆ ಮಾಡಲು ಮುಕ್ತವಾಗಿರಿ.’ ಗುಬ್ಬಿಯ ಹತ್ತಿರ ಹಲಸಿನ ಸಸಿ ಮಾರುವ ಪರಿಚಿತರೊಬ್ಬರು ಗಿರಾಕಿಗಳಿಗೆ ಕಳುಹಿಸಲು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಸಿಕೊಂಡಿದ್ದ ಸಂದೇಶದ ಕೊನೆಯ ಸಾಲು ಇದು. ಮೂವರಿಗೆ ತೋರಿಸಿ ‘ಸರಿ ಇದೆಯೇ?’ ಎಂದು ಕೇಳಿದ್ದರಂತೆ. ಮೂವರೂ ಸರಿ ಇದೆ ಎಂದಿದ್ದರು.

ಅವರು ಸುಳ್ಳು ಹೇಳಲಿಲ್ಲ. ವಿಭಕ್ತಿ, ಕ್ರಿಯಾಪದ ಎಲ್ಲವೂ ಅದರದರ ಜಾಗದಲ್ಲೇ ಇವೆ. ಕೆಟ್ಟಿದ್ದು ಪ್ರಶ್ನೆ. ‘ಸರಿಯೇ?’ ಎಂದೊಡನೆ ಕೇಳಿಸಿಕೊಂಡವರ ಒಳಗಿನ ಶಾಲಾ ಮೇಷ್ಟರು ಎದ್ದು ಕಾಗುಣಿತ ತಿದ್ದಲು ಕೂರುತ್ತಾರೆ. ವ್ಯಾಕರಣ ಒಪ್ಪುವುದು ಬೇರೆ, ವಾಕ್ಯ ನಾಲಿಗೆಗೆ ಒಗ್ಗುವುದು ಬೇರೆ. ‘ಬಣ್ಣವಿಲ್ಲದ ಹಸಿರು ವಿಚಾರಗಳು ರೋಷದಿಂದ ನಿದ್ರಿಸುತ್ತವೆ’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 1957ರಲ್ಲೇ ಮುಂದಿಟ್ಟಿದ್ದರು: ವ್ಯಾಕರಣ ಶುದ್ಧ, ಅರ್ಥ ಶೂನ್ಯ. ನಮ್ಮ ಸಸಿಯ ವಾಕ್ಯಕ್ಕೆ ಅರ್ಥವೂ ಇದೆ, ಅದಕ್ಕೇ ಅದು ಇನ್ನೂ ಸುಲಭವಾಗಿ ನುಸುಳಿಕೊಳ್ಳುತ್ತದೆ.

ಕೇಳುಗನ ಮೆದುಳು ಅಷ್ಟು ಉದಾರಿ. ಮುದ್ದೆಯಲ್ಲಿ ಗಂಟು ಸಿಕ್ಕರೂ ನುಂಗಿ ‘ಚೆನ್ನಾಗಿದೆ’ ಎನ್ನುವ ನೆಂಟನ ಹಾಗೆ, ಗುಂಡಿ ಬಂದಾಗ ತಾನೇ ಓಲಾಡಿಕೊಳ್ಳುವ ಬಸ್ ಪ್ರಯಾಣಿಕನ ಹಾಗೆ, ಅದು ಕೊರತೆಯನ್ನು ತಾನೇ ತುಂಬಿಕೊಂಡು ಮುಂದೆ ಹೋಗುತ್ತದೆ. ಅಷ್ಟು ಸಾಲದೆಂಬಂತೆ, ವಿಚಿತ್ರ ವಾಕ್ಯವನ್ನು ಮತ್ತೆ ಮತ್ತೆ ಓದಿದರೆ ಅದು ಸಹಜವೆನಿಸತೊಡಗುತ್ತದೆ. ಆದ್ದರಿಂದ ಮೊದಲ ಸಲ ಕೇಳಿದಾಗಿನ ಅನಿಸಿಕೆಗೇ ಬೆಲೆ. ಹಲಸನ್ನು ನೋಡಿ ಕೊಳ್ಳುವುದಿಲ್ಲ, ತಟ್ಟಿ ಕೊಳ್ಳುತ್ತೇವೆ. ವಾಕ್ಯವನ್ನೂ ತಟ್ಟಬೇಕು.

ನಾವು ಮತ್ತೆ ಕೇಳಿದೆವು, ಈ ಸಲ ಹೊಸಬರನ್ನು. ಇಂಗ್ಲಿಷ್ ಮೂಲ ತೋರಿಸಲಿಲ್ಲ, ಏಕೆಂದರೆ ಮೂಲ ಕಂಡವರು ಕನ್ನಡದಡಿಯಲ್ಲಿ ಅದನ್ನೇ ಕೇಳಿಸಿಕೊಂಡು ಕ್ಷಮಿಸಿಬಿಡುತ್ತಾರೆ. ಇದು ಅನುವಾದವೆಂದಾಗಲಿ, ಬರೆದವರು ಇಲ್ಲೇ ಕೂತಿದ್ದಾರೆಂದಾಗಲಿ ಹೇಳಲಿಲ್ಲ. ಅಪ್ಪಟ ಆಡುಮಾತಿನ ಒಂದು ಸಾಲು, ಬೇಕೆಂದೇ ಕೆಡಿಸಿದ ಒಂದು ಸಾಲು, ನಡುವೆ ನಮ್ಮದು. ಮೂರಕ್ಕೂ ತಲೆಯಾಡಿಸುವವರ ಉತ್ತರವನ್ನು ಬದಿಗಿಡಬಹುದು. ಪ್ರಶ್ನೆಯೂ ಬದಲಾಯಿತು: ‘ಅಂಗಡಿಯವರು ನಿಮಗೆ ಹೀಗೆ ಹೇಳಿದರೆ ಹೇಗೆ ಕೇಳಿಸುತ್ತದೆ? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?’

ಒಬ್ಬ ಅಜ್ಜಿ ನಕ್ಕರು. ‘ಮುಕ್ತವಾಗಿರಿ ಅಂದರೆ ಏನಪ್ಪಾ, ನಮ್ಮನ್ನೇನು ಕಟ್ಟಿಹಾಕಿದ್ದಾರೆಯೇ?’ ಆ ನಗುವನ್ನು ‘ಸರಿಯೇ’ ಎಂಬ ಪ್ರಶ್ನೆ ಎಂದೂ ಹೊರಡಿಸುತ್ತಿರಲಿಲ್ಲ.

ಯಾರನ್ನು ಕೇಳುತ್ತೇವೆ ಎನ್ನುವುದೂ ಮುಖ್ಯ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅನೇಕರ ಮನೆಮಾತು ತೆಲುಗು. ಅವರಿಗೆ ಸಲೀಸಾದ ವಾಕ್ಯ ತಿಪಟೂರಿನವರಿಗೆ ಹೊರಗಿನದೆನಿಸಬಹುದು. ಅಲ್ಲಿ ತಪ್ಪು ಯಾರದೂ ಅಲ್ಲ, ಸಂದೇಶ ಯಾವ ಊರಿಗೆ ಹೋಗುತ್ತದೋ ಆ ಊರಿನ ಕಿವಿಯೇ ಪ್ರಮಾಣ.

ಈ ವಿಧಾನ ಒಂದು ಕಡೆ ಕೈಕೊಡುತ್ತದೆ. ಒಬ್ಬರು ‘ಬಿಡುವಾದಾಗ ಫೋನ್ ಮಾಡಿ’ ಎಂದರು. ಬಲು ಸಹಜ, ಆದರೆ ‘ಯಾವಾಗಲಾದರೂ’ ಜಾರಿಹೋಗಿದೆ. ಅರ್ಥವನ್ನು ಎರಡೂ ಭಾಷೆ ಬಲ್ಲ ಬೇರೊಬ್ಬರು ಮೂಲದ ಪಕ್ಕದಲ್ಲಿಟ್ಟು ನೋಡಲೇಬೇಕು. ನೋಡಿದ ಮೇಲೆ ಗಿರಾಕಿಗಳಿಗೆ ಹೋದ ಸಾಲು: ‘ಏನಾದರೂ ಕೇಳುವುದಿದ್ದರೆ ಸಂಕೋಚ ಬೇಡ, ಯಾವಾಗ ಬೇಕಾದರೂ ಫೋನ್ ಮಾಡಿ.’